₹109ರ ಊಟ ₹132 ಹೇಗಾಯ್ತು? ಹಾಸ್ಟೆಲ್ ಮೆಸ್ ಲೆಕ್ಕ ಬಿಡಿಸಿ ನೋಡೋಣ

ಹೊಸ ವರ್ಷದ ಅಡ್ಮಿಷನ್ ಶುರುವಾಯ್ತು ಅಂದ್ರೆ ಹಾಸ್ಟೆಲ್ ನೋಟಿಸ್ ಬೋರ್ಡಿಗೆ ಒಂದು ಕಾಗದ ಅಂಟುತ್ತೆ, "ಈ ಸಾಲಿನಿಂದ ಮೆಸ್ ಶುಲ್ಕ ಪರಿಷ್ಕರಿಸಲಾಗಿದೆ" ಅಂತ. ಅರ್ಧ ಗಂಟೆಲಿ ಅದರ ಫೋಟೋ ಅಪ್ಪ-ಅಮ್ಮಂದಿರ ವಾಟ್ಸಾಪ್ ಗ್ರೂಪಿಗೆ ಹೋಗಿರುತ್ತೆ. ಒಬ್ರು "ತರಕಾರಿ ರೇಟು ಇಳಿದಿದೆಯಲ್ಲ, ಇವರಿಗೆ ಯಾಕೆ ಜಾಸ್ತಿ ಕೊಡ್ಬೇಕು" ಅಂತಾರೆ, ಇನ್ನೊಬ್ರು "ಮಗ ತಿಂಗಳಲ್ಲಿ ಹತ್ತು ದಿನ ಮನೇಲೇ ಇದ್ದ, ಆದ್ರೂ ಬಿಲ್ಲು ಇಷ್ಟು ಬಂದಿದೆ" ಅಂತಾರೆ, ಮೂರನೆಯವರು ಏನೂ ಹೇಳದೆ ಒಂದು ಕೋಪದ ಮುಖ ಹಾಕಿ ಸುಮ್ನಾಗ್ತಾರೆ.

ನಾನು ಓದುವಾಗ ದಾವಣಗೆರೆ ಕಡೆಯ ಒಂದು ಹಾಸ್ಟೆಲಲ್ಲಿ ಒಂದು ವರ್ಷ ಮೆಸ್ ಸೆಕ್ರೆಟರಿ ಆಗಿದ್ದೆ. ದಿನಸಿ ತರಿಸೋದು, ಭಟ್ರ ಹತ್ರ ಜಗಳ ಆಡೋದು, ತಿಂಗಳ ಕೊನೆಗೆ ಲೆಕ್ಕ ಬರೆಯೋದು, ಆಮೇಲೆ ಹುಡುಗರ ಹತ್ರ ಬೈಸ್ಕೊಳ್ಳೋದು, ಇಷ್ಟೇ ಕೆಲಸ. ಆ ಲೆಕ್ಕ ಹೇಗೆ ನಡೆಯುತ್ತೆ ಅಂತ ಒಂದು ಉದಾಹರಣೆ ಇಟ್ಕೊಂಡು ಪೂರ್ತಿ ಬಿಡಿಸ್ತೀನಿ. 200 ಹುಡುಗರಿರೋ ಹಾಸ್ಟೆಲ್ ಅಂತ ಇಟ್ಕೊಳ್ಳಿ. ಕೆಳಗಿರೋ ರೇಟುಗಳು ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ನಾನೇ ದುಂಡಗೆ ಮಾಡಿ ಇಟ್ಟಿರೋದು, ನಿಮ್ಮೂರಲ್ಲಿ ಒಂದೆರಡು ರೂಪಾಯಿ ಆಚೀಚೆ ಇರುತ್ತೆ, ಆದ್ರೆ ಲೆಕ್ಕದ ದಾರಿ ಎಲ್ಲ ಕಡೆ ಇದೇ.

## ಮೊದಲು, ನಿಮ್ಮ ಮೆಸ್ ಯಾವ ಥರದ್ದು?

ನಮ್ಮ ಕಡೆ ಮೂರು ಥರ ಇದೆ. ಒಂದು ಡಿವೈಡಿಂಗ್ ಸಿಸ್ಟಮ್: ತಿಂಗಳಲ್ಲಿ ಆದ ಖರ್ಚನ್ನೆಲ್ಲ ಕೂಡಿಸಿ, ಊಟ ಮಾಡಿದವರಿಗೆ ಹಂಚೋದು. ಖರ್ಚು ಏರಿದ್ರೆ ಬಿಲ್ಲು ಏರುತ್ತೆ, ಇಳಿದ್ರೆ ಇಳಿಯುತ್ತೆ. ಎರಡನೇದು ಕಾಂಟ್ರ್ಯಾಕ್ಟ್: ದಿನಕ್ಕೆ ಇಷ್ಟು ಅಂತ ವರ್ಷದ ಮೊದಲೇ ಒಬ್ಬರಿಗೆ ರೇಟು ಫಿಕ್ಸ್ ಮಾಡಿ ಕೊಟ್ಟುಬಿಡೋದು. ಇಲ್ಲಿ ಬೆಲೆ ಏರಿದ್ರೆ ಬಿಲ್ಲಲ್ಲಿ ಕಾಣಲ್ಲ, ತಟ್ಟೇಲಿ ಕಾಣುತ್ತೆ, ಸಾಂಬಾರಲ್ಲಿ ಬೇಳೆ ಹುಡುಕ್ಬೇಕಾಗುತ್ತೆ, ಮಜ್ಜಿಗೆ ನೀರಾಗುತ್ತೆ. ಮೂರನೇದು ಸರ್ಕಾರಿ ಹಾಸ್ಟೆಲ್, ಅಲ್ಲಿ ತಲೆಗೆ ತಿಂಗಳಿಗೆ ಇಷ್ಟು ಅಂತ ಸರ್ಕಾರ ಭೋಜನ ವೆಚ್ಚ ಕೊಡುತ್ತೆ, ಹುಡುಗರು ಕಟ್ಟೋದಿಲ್ಲ, ಆ ಮೊತ್ತ ಪರಿಷ್ಕರಣೆ ಆಗೋವರೆಗೂ ವಾರ್ಡನ್ ಅದರೊಳಗೇ ತೂಗಿಸ್ಬೇಕು.

ಕಾಂಟ್ರ್ಯಾಕ್ಟ್ ಬಗ್ಗೆ ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ, ಆಮೇಲೆ ಮರೆತುಹೋಗುತ್ತೆ. ಕಾಲೇಜು ತಾನೇ ಮೆಸ್ ನಡೆಸಿ ತನ್ನ ಹುಡುಗರಿಗೆ ಊಟ ಹಾಕಿದ್ರೆ ಅದಕ್ಕೆ ಜಿಎಸ್‌ಟಿ ಇಲ್ಲ. ಹೊರಗಿನ ಕೇಟರಿಂಗ್‌ನವರು ಕಾಲೇಜು ಮೆಸ್ ನಡೆಸಿದ್ರೆ 5% ಬೀಳುತ್ತೆ, 2018ರ ಜನವರೀಲೇ ಇದರ ಬಗ್ಗೆ ಕೇಂದ್ರದಿಂದ ಸ್ಪಷ್ಟನೆ ಬಂದಿದೆ. ಹಾಗಾಗಿ ಎರಡು ಹಾಸ್ಟೆಲ್ ಬಿಲ್ಲು ಪಕ್ಕಪಕ್ಕ ಇಟ್ಟು ನೋಡೋವಾಗ ಈ 5% ಒಳಗಿದೆಯಾ ಹೊರಗಿದೆಯಾ ಅಂತ ನೋಡ್ಕೊಳ್ಳಿ.

ಇನ್ನು ಮುಂದೆ ಹೇಳೋದೆಲ್ಲ ಡಿವೈಡಿಂಗ್ ಮೆಸ್ ಲೆಕ್ಕ. ಇದು ಅರ್ಥ ಆದ್ರೆ ಮಿಕ್ಕ ಎರಡೂ ಅರ್ಥ ಆಗುತ್ತೆ, ಯಾಕಂದ್ರೆ ಕಾಂಟ್ರ್ಯಾಕ್ಟರ್ ಕೂಡ ರೇಟು ಹೇಳೋ ಮುಂಚೆ ಮನೇಲಿ ಕೂತು ಇದೇ ಲೆಕ್ಕ ಹಾಕಿರ್ತಾನೆ.

## ಒಬ್ಬ ಹುಡುಗ ದಿನಕ್ಕೆ ಎಷ್ಟು ತಿಂತಾನೆ?

ಮೆಸ್ ಬಜೆಟ್ ದುಡ್ಡಿಂದ ಶುರುವಾಗಲ್ಲ, ಗ್ರಾಮಿಂದ ಶುರುವಾಗುತ್ತೆ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ-ರಾತ್ರಿ ಊಟ, ಎರಡು ಸಲ ಟೀ-ಕಾಫಿ, ಇದಕ್ಕೆ ತಲೆಗೆ ಎಷ್ಟು ಸಾಮಾನು ಬೇಕು ಅಂತ ಮೊದಲು ಬರ್ಕೊಳ್ತೀವಿ.

ಅನ್ನ, ಇಡ್ಲಿ, ದೋಸೆ ಎಲ್ಲ ಸೇರಿ ಅಕ್ಕಿ 350 ಗ್ರಾಂ, ಕೆಜಿಗೆ ₹52 ಅಂದ್ರೆ ₹18.20. ಚಪಾತಿ ಹಿಟ್ಟು, ರವೆ 100 ಗ್ರಾಂ, ₹4.20. ಬೇಳೆ-ಕಾಳು 70 ಗ್ರಾಂ, ಕೆಜಿಗೆ ₹120ರಂತೆ ₹8.40. ಈರುಳ್ಳಿ ಟೊಮೆಟೊ ಸೇರಿಸಿ ತರಕಾರಿ 250 ಗ್ರಾಂ, ₹10. ಎಣ್ಣೆ 35 ಮಿಲಿ, ಲೀಟರಿಗೆ ₹150 ಇದ್ರೆ ₹5.25. ಹಾಲು-ಮೊಸರು 250 ಮಿಲಿ, ₹12. ತೆಂಗಿನಕಾಯಿ, ಖಾರದಪುಡಿ, ಸಕ್ಕರೆ, ಬೆಲ್ಲ, ಟೀಪುಡಿ, ಒಗ್ಗರಣೆ ಸಾಮಾನು ಎಲ್ಲ ಸೇರಿ ₹9. ವಾರಕ್ಕೊಂದು ಸಲ ಮಾಡೋ ಚಿಕನ್, ಪನ್ನೀರು, ಮೊಟ್ಟೆ, ಪಾಯಸ, ಇದನ್ನ ಏಳು ದಿನಕ್ಕೆ ಹಂಚಿದ್ರೆ ದಿನಕ್ಕೆ ₹8.

ಎಲ್ಲ ಕೂಡಿಸಿ ₹75.05. ದಿನಸಿ ಖರ್ಚು ತಲೆಗೆ ದಿನಕ್ಕೆ ₹75 ಅಂತ ಇಟ್ಕೊಳ್ಳೋಣ.

ಈ ಗ್ರಾಂ ಪಟ್ಟಿ ಬರೀ ಬಜೆಟ್ಟಿಗಲ್ಲ, ಕಳ್ಳತನ-ವೇಸ್ಟು ಹಿಡಿಯೋಕೂ ಇದೇ ತಕ್ಕಡಿ. ಒಂದು ತಿಂಗಳಲ್ಲಿ 5,400 ಊಟದ ದಿನ ಆಗಿದೆ ಅನ್ಕೊಳ್ಳಿ (ಊಟದ ದಿನ ಅಂದ್ರೆ ಒಬ್ಬ ಹುಡುಗ ಮೆಸ್ಸಲ್ಲಿ ಲೆಕ್ಕಕ್ಕಿದ್ದ ಒಂದು ದಿನ, ಇದು ಮುಂದೆ ತುಂಬ ಸಲ ಬರುತ್ತೆ). ಅಕ್ಕಿ 1,890 ಕೆಜಿ ಖರ್ಚಾಗಿರ್ಬೇಕು. ಸ್ಟಾಕ್ ಪುಸ್ತಕದಲ್ಲಿ 2,270 ಅಂತಿದ್ರೆ ತಲೆಗೆ 420 ಗ್ರಾಂ ಹೋಗಿದೆ, ಎಲ್ಲೋ ಎಡವಟ್ಟಾಗಿದೆ ಅಂತರ್ಥ. ಕಳ್ಳತನ ಅಂತ ತಕ್ಷಣ ಕೂಗಾಡ್ಬೇಡಿ, ರಾತ್ರಿ ಊಟ ಆದ್ಮೇಲೆ ಮಿಕ್ಕಿದ ಅನ್ನದ ಬಕೆಟ್ ಒಂದು ವಾರ ತೂಕ ಹಾಕಿ ನೋಡಿ. ನಮ್ಮಲ್ಲಿ ಹಾಗೆ ತೂಕ ಹಾಕಿದಾಗ ಶನಿವಾರ-ಭಾನುವಾರದ್ದೇ ಬಕೆಟ್ ತುಂಬಿ ಬರ್ತಿತ್ತು, ಹುಡುಗರು ಊರಿಗೆ, ಸಿನಿಮಾಗೆ ಹೋಗಿರ್ತಿದ್ರು, ಭಟ್ರು ಮಾತ್ರ ಸೋಮವಾರದ ಅಳತೇಲೇ ಅಕ್ಕಿ ಹಾಕ್ತಿದ್ರು. "ಕಮ್ಮಿ ಬಿದ್ರೆ ಬೈಯೋದು ನನಗಲ್ವೇನಪ್ಪಾ, ಉಳಿದ್ರೆ ಯಾರೂ ಬೈಯಲ್ಲ" ಅಂತ ಭಟ್ರು ಹೇಳಿದ್ದು, ಅವರ ಕಡೆಯಿಂದ ನೋಡಿದ್ರೆ ಸರೀನೇ ಇತ್ತು.

## 31ನೇ ತಾರೀಖು ರಾತ್ರಿ ಮೂಟೆ ಎಣಿಸೋದು ಯಾಕೆ?

ತಿಂಗಳಲ್ಲಿ ಕೊಂಡಿದ್ದೇ ಖರ್ಚು ಅಲ್ಲ. ಅಂಗಡಿ ಬಿಲ್ಲು ಕೂಡಿಸಿ ಹಂಚಿಬಿಡೋದು ಹೊಸ ಸೆಕ್ರೆಟರಿಗಳು ಮಾಡೋ ಮೊದಲ ತಪ್ಪು, ನಾನೂ ಮಾಡಿದೀನಿ. ಸರಿಯಾದ ಲೆಕ್ಕ ಹೀಗೆ:

ಖರ್ಚು = ತಿಂಗಳ ಶುರುವಿನ ಸ್ಟಾಕ್ + ಕೊಂಡಿದ್ದು − ತಿಂಗಳ ಕೊನೆಗೆ ಉಳಿದಿದ್ದು

ಮನೇಲಿ ಗ್ಯಾಸ್ ಸಿಲಿಂಡರ್ ತಿಂಗಳ ಕೊನೇ ದಿನ ಬಂದ್ರೆ ಅದರ ದುಡ್ಡು ಆ ತಿಂಗಳದ್ದಾದ್ರೂ ಗ್ಯಾಸು ಉರಿಯೋದು ಮುಂದಿನ ತಿಂಗಳಲ್ವಾ, ಹಾಗೆ. ನನ್ನ ಮೊದಲ ತಿಂಗಳಲ್ಲಿ, ಅಕ್ಕಿ ರೇಟು ಏರುತ್ತೆ ಅಂತ ಅಂಗಡಿಯವರು ಹೇಳಿದ್ರು ಅಂತ 29ನೇ ತಾರೀಖು 10 ಕ್ವಿಂಟಲ್ ತರಿಸ್ಬಿಟ್ಟೆ, ಉಳಿದ ಸ್ಟಾಕ್ ಕಳೆಯೋದು ಮರೆತೆ. ಇವತ್ತಿನ ರೇಟಲ್ಲಿ ಅದು ₹52,000, ಅದನ್ನ 5,400 ಊಟದ ದಿನಕ್ಕೆ ಹಂಚಿದ್ರೆ ದಿನಕ್ಕೆ ₹9.60 ಸುಮ್ಸುಮ್ನೆ ಜಾಸ್ತಿ. ಯಾರೂ ಒಂದು ಕಾಳು ಜಾಸ್ತಿ ತಿಂದಿಲ್ಲ, ಬಿಲ್ಲು ಮಾತ್ರ ಏರ್ತು. ಮುಂದಿನ ತಿಂಗಳು ಅಷ್ಟೇ ಇಳೀತು ಅನ್ನೋದು ಬೇರೆ ಮಾತು, ಆದ್ರೆ ಅಷ್ಟರಲ್ಲಿ ನನ್ನ ಹೆಸರು ಬಾತ್‌ರೂಮ್ ಗೋಡೆ ಮೇಲೆ ಬಂದಿತ್ತು. ಅದಾದ್ಮೇಲೆ ಪ್ರತಿ ತಿಂಗಳ ಕೊನೇ ದಿನ ರಾತ್ರಿ ಊಟ ಮುಗಿದ್ಮೇಲೆ ಸ್ಟೋರ್ ರೂಮಿಗೆ ಹೋಗಿ ಮೂಟೆ, ಎಣ್ಣೆ ಟಿನ್ನು, ತುಂಬಿದ ಸಿಲಿಂಡರ್ ಎಣಿಸಿ ಇಬ್ಬರು ಹುಡುಗರ ಸೈನ್ ಹಾಕಿಸ್ಕೊಳ್ತಿದ್ದೆ.

ಮೂಟೆ ಎಣಿಸೋವಾಗ ಒಂದು ಗಮನ ಇರ್ಲಿ, ಎಲ್ಲ ಮೂಟೆ 25 ಕೆಜಿ ಅಲ್ಲ. 2022ರ ಜುಲೈನಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿಗೆ 5% ಜಿಎಸ್‌ಟಿ ಬಂತು, ಅದಕ್ಕೇ ಮಾರ್ಕೆಟ್ಟಲ್ಲಿ 26 ಕೆಜಿ ಚೀಲ ಕಾಣಿಸೋಕೆ ಶುರುವಾಯ್ತು. ಮೆಸ್ಸಿಗೆ ಹೇಗೂ ಮೂಟೆ ಲೆಕ್ಕದಲ್ಲೇ ಬರೋದ್ರಿಂದ ದೊಡ್ಡ ಚೀಲ ತರಿಸಿದ್ರೆ ಆ ಟ್ಯಾಕ್ಸ್ ಇರಲ್ಲ.

## ಬೆಲೆ ಏರದೆ ಬಿಲ್ಲು ಏರೋದು ಹೇಗೆ?

ಇದೇ ನೋಡಿ ಎಲ್ಲರಿಗೂ ತಲೆ ಕೆಡಿಸೋ ಜಾಗ.

ಮೆಸ್ ಖರ್ಚಲ್ಲಿ ಎರಡು ಜಾತಿ ಇದೆ. ದಿನಸಿ ಹುಡುಗರ ಜೊತೆ ಏರಿ ಇಳಿಯುತ್ತೆ, ಹತ್ತು ಜನ ಕಮ್ಮಿ ಆದ್ರೆ ಹತ್ತು ಜನದ ಅಕ್ಕಿ ಉಳಿಯುತ್ತೆ. ಭಟ್ರ ಸಂಬಳ ಹಾಗಲ್ಲ. ಒಬ್ಬರು ಮುಖ್ಯ ಭಟ್ರು, ಇಬ್ಬರು ಅಸಿಸ್ಟೆಂಟು, ಪಾತ್ರೆ ತೊಳೆಯೋಕೆ, ಬಡಿಸೋಕೆ ನಾಲ್ಕು ಜನ, ಎಲ್ಲರ ಸಂಬಳ, ಪಿಎಫ್, ಇಎಸ್‌ಐ ಸೇರಿ ತಿಂಗಳಿಗೆ ₹1,20,000 ಅಂತ ಇಟ್ಕೊಳ್ಳಿ. ಕರೆಂಟು, ನೀರು, ಗ್ರೈಂಡರ್ ರಿಪೇರಿ, ಸೋಪು ಎಲ್ಲ ₹15,000. ಒಟ್ಟು ₹1,35,000, ಹುಡುಗರು 200 ಇರ್ಲಿ 100 ಇರ್ಲಿ ಇದು ಹೋಗೇ ಹೋಗುತ್ತೆ. ಗ್ಯಾಸ್ ಇವೆರಡರ ಮಧ್ಯೆ: ಅರ್ಧ ಜನಕ್ಕೆ ಸಾಂಬಾರು ಮಾಡಿದ್ರೆ ಅರ್ಧ ಗ್ಯಾಸು ಸಾಕಾಗಲ್ಲ, ಒಲೆ ಹಚ್ಚಿದ ಮೇಲೆ ಹಚ್ಚಿದ್ದೇ.

ಈಗ ಮದುವೆ ಊಟಕ್ಕೆ ಬಸ್ ಮಾಡ್ಕೊಂಡು ಹೋಗೋದು ನೆನಪಿಸ್ಕೊಳ್ಳಿ. ಬಸ್ ಬಾಡಿಗೆ ₹10,000, ಐವತ್ತು ಜನ ಬಂದ್ರೆ ತಲೆಗೆ ₹200, ಇಪ್ಪತ್ತೈದೇ ಜನ ಬಂದ್ರೆ ₹400. ಡೀಸೆಲ್ ಬೆಲೆ ಏರಿಲ್ಲ, ಜನ ಕಮ್ಮಿ ಆದ್ರು ಅಷ್ಟೇ.

ನಮ್ಮ ಮೆಸ್ಸಿನ ಒಂದು ಒಳ್ಳೆ ತಿಂಗಳು ತಗೊಳ್ಳೋಣ. 200 ಹುಡುಗರು, 30 ದಿನ, ಪೂರ್ತಿ ಇದ್ರೆ 6,000 ಊಟದ ದಿನ, ಊರಿಗೆ ಹೋದವರನ್ನ ಬಿಟ್ಟು 5,400. ದಿನಸಿ ₹75ರಂತೆ ₹4,05,000. ಸಿಲಿಂಡರ್ 28, ಒಂದಕ್ಕೆ ₹1,800, ಅಂದ್ರೆ ₹50,400 (ಇದು 19 ಕೆಜಿ ಕಮರ್ಷಿಯಲ್ ಸಿಲಿಂಡರು, ಮನೇದಲ್ಲ). ಸಂಬಳ ಇತ್ಯಾದಿ ₹1,35,000. ಒಟ್ಟು ₹5,90,400, ಭಾಗಿಸು 5,400, ದಿನಕ್ಕೆ ₹109.

ಇನ್ನು ದಸರಾ ರಜೆ ಬಂದ ತಿಂಗಳು. ಊಟದ ದಿನ 3,000ಕ್ಕೆ ಇಳೀತು. ದಿನಸಿ ಅದೇ ₹75ರಂತೆ ₹2,25,000. ಗ್ಯಾಸು 20 ಸಿಲಿಂಡರು, ₹36,000. ಸಂಬಳ ಅದೇ ₹1,35,000, ಭಟ್ರಿಗೂ ಹಬ್ಬ ಇದೆಯಲ್ಲ. ಒಟ್ಟು ₹3,96,000, ಭಾಗಿಸು 3,000, ದಿನಕ್ಕೆ ₹132.

ಅಕ್ಕಿ, ಬೇಳೆ, ಎಣ್ಣೆ ಯಾವುದೂ ಒಂದು ಪೈಸೆ ಏರಿಲ್ಲ, ಆದ್ರೂ ದಿನಕ್ಕೆ ₹23 ಜಾಸ್ತಿ. ತಿಂಗಳ ಬಿಲ್ಲು ಏರಿದಾಗ ಮೊದಲು ಕೇಳ್ಬೇಕಾದ ಪ್ರಶ್ನೆ "ಎಷ್ಟು ಖರ್ಚಾಯ್ತು" ಅಲ್ಲ, "ಎಷ್ಟು ಊಟದ ದಿನಕ್ಕೆ ಭಾಗ ಮಾಡಿದ್ರಿ" ಅಂತ. ನೋಟಿಸ್ ಬೋರ್ಡಲ್ಲಿ ಹಾಕೋ ಬಿಲ್ಲಲ್ಲಿ ಈ ಒಂದು ಸಂಖ್ಯೆ ಇಲ್ದಿದ್ರೆ ಆ ಬಿಲ್ಲಿಂದ ಏನೂ ಗೊತ್ತಾಗಲ್ಲ.

ಮೆಸ್ ಕಟ್ ವಿಷಯಾನೂ ಇಲ್ಲೇ ಬರುತ್ತೆ. ಊರಿಗೆ ಹೋದ ದಿನಗಳನ್ನ ಬಿಲ್ಲಿಂದ ಬಿಡೋದೇ ಮೆಸ್ ಕಟ್, ಸಾಮಾನ್ಯವಾಗಿ ಸತತ ಮೂರು-ನಾಲ್ಕು ದಿನ ಇಲ್ದಿದ್ರೆ ಮಾತ್ರ, ಅದೂ ಮೊದಲೇ ಬರೆದು ಕೊಟ್ಟಿದ್ರೆ ಮಾತ್ರ ಕೊಡ್ತಾರೆ. ಒಂದೇ ದಿನಕ್ಕೆ ಯಾಕೆ ಕೊಡಲ್ಲ ಅಂದ್ರೆ ಇಡ್ಲಿಗೆ ಹಿಂದಿನ ದಿನವೇ ಅಕ್ಕಿ ನೆನೆಸಿ ಆಗಿರುತ್ತೆ, ತರಕಾರಿ ಬಂದಿರುತ್ತೆ, ನೀವು ಇಲ್ಲ ಅಂತ ಬೆಳಿಗ್ಗೆ ಗೊತ್ತಾದ್ರೆ ಏನೂ ಉಳಿಯಲ್ಲ.

## ಟಿವಿಲಿ ಹೇಳೋ ಹಣದುಬ್ಬರ ಬೇರೆ, ಮೆಸ್ ಹಣದುಬ್ಬರ ಬೇರೆ

ಹಣದುಬ್ಬರ ಅಂದ್ರೆ ಹೋದ ವರ್ಷ ಇದೇ ತಿಂಗಳು ಒಂದು ಬುಟ್ಟಿ ಸಾಮಾನಿಗೆ ಎಷ್ಟಾಗ್ತಿತ್ತು, ಈ ವರ್ಷ ಅದೇ ಬುಟ್ಟಿಗೆ ಶೇಕಡಾ ಎಷ್ಟು ಜಾಸ್ತಿ ಆಗ್ತಿದೆ ಅನ್ನೋದು. ಜಗಳ ಇರೋದು ಬುಟ್ಟೀಲಿ ಏನಿದೆ ಅನ್ನೋದ್ರಲ್ಲಿ. ಸರ್ಕಾರ ಹೇಳೋ ಬುಟ್ಟೀಲಿ ಮನೆ ಬಾಡಿಗೆ, ಬಟ್ಟೆ, ಬಸ್ ಚಾರ್ಜು, ಆಸ್ಪತ್ರೆ ಎಲ್ಲ ಇದೆ, 2012ನ್ನ ಆಧಾರ ಇಟ್ಕೊಂಡಿದ್ದ ಹಳೇ ಸೂಚ್ಯಂಕದಲ್ಲಿ ತಿನ್ನೋ ಕುಡಿಯೋ ಸಾಮಾನಿನ ಪಾಲು ಸುಮಾರು 46% ಮಾತ್ರ ಇತ್ತು. ಮೆಸ್ಸಲ್ಲಿ ಭಟ್ರು ಬಟ್ಟೆ ಬೇಯಿಸಲ್ಲ.

2025ರ ಅಕ್ಟೋಬರಲ್ಲಿ ಇದು ಚೆನ್ನಾಗಿ ಕಾಣಿಸ್ತು. ಆ ತಿಂಗಳು ದೇಶದ ಚಿಲ್ಲರೆ ಹಣದುಬ್ಬರ 0.25%ಗೆ ಇಳೀತು, ಆಹಾರದ್ದಂತೂ ಸೊನ್ನೆಗಿಂತ ಕೆಳಗೆ, ಮೈನಸ್ 5%. "ಬೆಲೆನೇ ಇಳಿದಿದೆ, ಮೆಸ್ ಫೀ ಯಾಕೆ ಇಳಿಸಲ್ಲ" ಅಂತ ಕೇಳೋಕೆ ಒಳ್ಳೆ ಸಮಯ. ಆದ್ರೆ ಹಿಂದಿನ ವರ್ಷ ತರಕಾರಿ ತುಂಬ ತುಟ್ಟಿ ಇತ್ತು, ಅದಕ್ಕೆ ಹೋಲಿಸಿದ್ದಕ್ಕೇ ಅಷ್ಟು ಇಳಿದಂಗೆ ಕಂಡಿದ್ದು, ಎಣ್ಣೆ ಮಾತ್ರ ಹಿಂದಿನ ವರ್ಷಕ್ಕಿಂತ ಜಾಸ್ತೀನೇ ಇತ್ತು. 2024ರ ಸೆಪ್ಟೆಂಬರಲ್ಲಿ ಕಚ್ಚಾ ಖಾದ್ಯ ತೈಲದ ಆಮದು ಸುಂಕ ಒಟ್ಟು 5.5%ರಿಂದ 27.5%ಗೆ ಏರಿಸಿದ್ರು, ಮುಂದಿನ ಮೇ ಕೊನೆಗೆ 16.5%ಗೆ ಇಳಿಸಿದ್ರು. ನಮ್ಮ ನಂದಿನಿ ಹಾಲು 2023ರ ಆಗಸ್ಟಲ್ಲಿ ಲೀಟರಿಗೆ ₹3, 2025ರ ಏಪ್ರಿಲಲ್ಲಿ ₹4 ಏರ್ತು. ಮಧ್ಯೆ 2024ರ ಜೂನಲ್ಲಿ ಪ್ಯಾಕೆಟ್ಟಿಗೆ 50 ಮಿಲಿ ಜಾಸ್ತಿ ಹಾಕಿ ₹2 ಏರಿಸಿದ್ರಲ್ಲ, ಆಗ ಪ್ಯಾಕೆಟ್ ಎಣಿಸಿ ಲೆಕ್ಕ ಬರೆಯೋ ಮೆಸ್ಸುಗಳಿಗೆ ಹಾಲಿನ ಅಳತೆ ಮತ್ತೆ ಹಾಕೋ ಕೆಲಸ ಬಂತು.

ಹಾಗಾಗಿ ಮೆಸ್ಸಿಗೆ ತನ್ನದೇ ಬುಟ್ಟಿ ಬೇಕು. ಇದು ನಾನು ಕಂಡುಹಿಡಿದಿದ್ದೇನಲ್ಲ. ಶಾಲೆ ಬಿಸಿಯೂಟಕ್ಕೆ ಕೇಂದ್ರ ಸರ್ಕಾರ ಸಾಮಗ್ರಿ ವೆಚ್ಚ ಏರಿಸೋದೇ ಹೀಗೆ: ಊಟಕ್ಕೆ ಬೇಕಾದ ಬೇಳೆ, ತರಕಾರಿ, ಎಣ್ಣೆ ಇಂಥವುಗಳ ಬೆಲೆ ಹಳ್ಳಿಗಳಲ್ಲಿ ಎಷ್ಟು ಏರಿದೆ ಅಂತ ಕಾರ್ಮಿಕ ಬ್ಯೂರೋ ಲೆಕ್ಕ ಕೊಡುತ್ತೆ, ಅದರ ಮೇಲೆ 2025ರ ಮೇ 1ರಿಂದ 9.5% ಏರಿಸಿ ಪ್ರಾಥಮಿಕ ಮಕ್ಕಳಿಗೆ ಊಟಕ್ಕೆ ₹6.78, ಹಿರಿಯ ಪ್ರಾಥಮಿಕಕ್ಕೆ ₹10.17 ಮಾಡಿದ್ರು (ಅಕ್ಕಿ-ಗೋಧಿ ಇದರಲ್ಲಿ ಸೇರಿಲ್ಲ, ಅದು ಬೇರೆ ಬರುತ್ತೆ).

ನಮ್ಮ ಬುಟ್ಟಿಗೆ ಅದೇ ಮಾಡೋಣ. ಗ್ರಾಂ ಹಾಗೇ ಇರ್ಲಿ, ರೇಟು ಮಾತ್ರ ಈ ವರ್ಷದ್ದು. ಅಕ್ಕಿ ₹55 ಆದ್ರೆ ₹18.20 ಇದ್ದಿದ್ದು ₹19.25. ಹಿಟ್ಟು-ರವೆ ₹4.40. ಬೇಳೆ ₹120ರಿಂದ ₹108ಕ್ಕೆ ಇಳಿದಿದೆ ಅನ್ಕೊಳ್ಳಿ, ₹7.56. ತರಕಾರಿ ₹11.50, ಎಣ್ಣೆ ₹5.95, ಹಾಲು-ಮೊಸರು ₹13. ಮಸಾಲೆ ಸಾಮಾನು ₹9.50, ಸ್ಪೆಷಲ್ ₹8.60. ಒಟ್ಟು ₹79.76. ₹75.05ಕ್ಕೆ ಹೋಲಿಸಿದ್ರೆ 6.3% ಏರಿಕೆ. ಬೇಳೆ ಹತ್ತು ಪರ್ಸೆಂಟ್ ಇಳಿದ್ರೂ ತಲೆಗೆ ಉಳಿದಿದ್ದು 84 ಪೈಸೆ, ಅಕ್ಕಿ ಆರು ಪರ್ಸೆಂಟ್ ಏರಿದ್ದಕ್ಕೆ ಹೋಗಿದ್ದು ₹1.05. ಶೇಕಡಾವಾರು ನೋಡಿ ಮೋಸ ಹೋಗ್ಬಾರದು, ಬುಟ್ಟೀಲಿ ಯಾವುದಕ್ಕೆ ಜಾಗ ಜಾಸ್ತಿ ಅಂತ ನೋಡ್ಬೇಕು.

## ಟೊಮೆಟೊ ಬೇರೆ, ಹಾಲು ಬೇರೆ

2023ರ ಜುಲೈ ಯಾರಿಗೆ ನೆನಪಿಲ್ಲ, ಟೊಮೆಟೊ ಕೆಜಿಗೆ ₹100 ದಾಟಿತ್ತು, ತೋಟಕ್ಕೆ ರಾತ್ರಿ ಕಾವಲು ಕೂತಿದ್ರು. ತಲೆಗೆ ದಿನಕ್ಕೆ 40 ಗ್ರಾಂ ಟೊಮೆಟೊ ಅಂದ್ರೆ, ₹20 ಇದ್ದಾಗ 80 ಪೈಸೆ, ₹100 ಆದಾಗ ₹4. ದಿನಕ್ಕೆ ₹3.20 ಜಾಸ್ತಿ. ಕೆಲವೇ ತಿಂಗಳಲ್ಲಿ ರೇಟು ಮತ್ತೆ ನೆಲಕ್ಕೆ ಬಂತು.

ಹಾಲಿನ ರೇಟು ಹಾಗೆ ಮಾಡಲ್ಲ. ಏರಿದ್ದು ಏರಿದ್ದೇ, ಹಳೇ ರೇಟಿಗೆ ವಾಪಸ್ ಬಂದಿದ್ದು ನಾನಂತೂ ಕಂಡಿಲ್ಲ. ಸಂಬಳವೂ ಹಾಗೇ.

ಫೀ ಮಾಡುವಾಗ ಈ ವ್ಯತ್ಯಾಸ ಗೊತ್ತಿರ್ಬೇಕು. ಟೊಮೆಟೊ ಥರ ಎದ್ದು ಬೀಳೋದಕ್ಕೆ ಫೀ ಏರಿಸೋದು ತಪ್ಪು, ಯಾಕಂದ್ರೆ ಟೊಮೆಟೊ ಇಳಿದ್ಮೇಲೆ ಫೀ ಇಳಿಯಲ್ಲ. ಅದಕ್ಕೆ ಒಂದು ಸಣ್ಣ ರಿಸರ್ವ್ ಇಟ್ಕೊಂಡು, ಜೊತೆಗೆ ಸಾರಿಗೆ ಹುಣಸೆಹಣ್ಣು ಜಾಸ್ತಿ ಮಾಡಿ ದಾಟಿಸ್ಬೇಕು. ಹಾಲು, ಸಂಬಳ, ಅಕ್ಕಿ ಥರದ್ದನ್ನ ಮಾತ್ರ ಫೀಗೆ ಸೇರಿಸ್ಬೇಕು. ಇದನ್ನ ಉಲ್ಟಾ ಮಾಡಿ, ಹಾಲಿನ ಏರಿಕೆಯನ್ನ ರಿಸರ್ವಿಂದ ಭರಿಸ್ತಾ ಹೋದ ಮೆಸ್ಸುಗಳಿಗೆ ಜನವರಿ-ಫೆಬ್ರವರಿ ಹೊತ್ತಿಗೆ ದಿನಸಿ ಅಂಗಡೀಲಿ ಸಾಲ ನಿಲ್ಲುತ್ತೆ, ಸಾಲದ ಗಿರಾಕಿಗೆ ಅಂಗಡಿಯವರು ಯಾವ ಬೇಳೆ ಕಳಿಸ್ತಾರೆ ಅಂತ ನಿಮಗೇ ಗೊತ್ತು.

## ಹಾಗಾದ್ರೆ ಫೀ ಎಷ್ಟಿಡೋದು?

ತಿಂಗಳ ಕೊನೆಗೆ ಹಂಚೋ ಬದಲು ವರ್ಷದ ಮೊದಲೇ ಫೀ ಫಿಕ್ಸ್ ಮಾಡೋದಾದ್ರೆ, ಎಲ್ಲ ಕಡೆ ಮಾಡೋ ಸುಲಭ ದಾರಿ: ಹೋದ ವರ್ಷ ₹109 ಆಗಿತ್ತು, ಬೆಲೆ 6.3% ಏರಿದೆ, ₹116 ಇಡೋಣ. ಕೇಳೋಕೆ ನ್ಯಾಯವಾಗೇ ಇದೆ, ಆದ್ರೆ ಇದರಲ್ಲಿ ಎರಡು ತಪ್ಪು ಸೇರ್ಕೊಂಡಿದೆ.

ಮೊದಲನೇ ತಪ್ಪು, ₹109 ಅನ್ನೋದು ಹುಡುಗರು ತುಂಬಿದ್ದ ಒಳ್ಳೆ ತಿಂಗಳಿನ ರೇಟು. ವರ್ಷ ಪೂರ್ತಿ ಹಾಜರಿ ಪುಸ್ತಕ ತೆಗೆದು ನೋಡಿದ್ರೆ ಹಬ್ಬ, ಪರೀಕ್ಷೆ ರಜೆ ಎಲ್ಲ ಸೇರಿ 10 ತಿಂಗಳಿಗೆ 46,000 ಊಟದ ದಿನ ಆಗಿದೆ ಅಂತ ಇಟ್ಕೊಳ್ಳೋಣ, ತಿಂಗಳಿಗೆ ಸರಾಸರಿ 4,600. ಭಾಗ ಮಾಡ್ಬೇಕಾದ್ದು ಇದಕ್ಕೆ.

ಎರಡನೇದು, ಇವತ್ತಿನ ಬೆಲೆ ವರ್ಷ ಪೂರ್ತಿ ಇರಲ್ಲ. ವರ್ಷಕ್ಕೆ 6%ನಂತೆ ನಿಧಾನಕ್ಕೆ ಏರ್ತಾ ಹೋದ್ರೆ, 10 ತಿಂಗಳ ಮಧ್ಯಕ್ಕೆ ಬರೋ ಹೊತ್ತಿಗೆ ಸುಮಾರು 2.5% ಏರಿರುತ್ತೆ. ಶುರುವಿನ ಬೆಲೆ ಹಿಡಿದ್ರೆ ಕಮ್ಮಿ ಬೀಳುತ್ತೆ, ಕೊನೇ ಬೆಲೆ ಹಿಡಿದ್ರೆ ಹುಡುಗರಿಂದ ಜಾಸ್ತಿ ಕಿತ್ಕೊಂಡಂಗಾಗುತ್ತೆ, ಮಧ್ಯದ್ದೇ ಸರಿ. ₹79.76ಕ್ಕೆ 2.5% ಸೇರಿಸಿದ್ರೆ ₹82 ಹತ್ರ ಹತ್ರ.

ಈಗ ತಿಂಗಳ ಬಜೆಟ್ ಬರೆಯೋಣ. ದಿನಸಿ ₹82ರಂತೆ 4,600 ದಿನಕ್ಕೆ ₹3,77,200. ಸರಾಸರಿ 25 ಸಿಲಿಂಡರ್, ₹1,850 ಹಿಡಿದ್ರೆ ₹46,250. ಸಂಬಳ 8% ಏರಿಸಿ ₹1,29,600, ಇತರೆ ₹16,000, ಸೇರಿ ₹1,45,600. ಒಟ್ಟು ₹5,69,050, ಊಟದ ದಿನಕ್ಕೆ ₹123.70.

₹116 ಇಟ್ಟಿದ್ರೆ? ದಿನಕ್ಕೆ ₹7.70 ಕಮ್ಮಿ, ತಿಂಗಳಿಗೆ ₹35,000 ಹತ್ರ ಖೋತಾ, 10 ತಿಂಗಳಿಗೆ ಮೂರೂವರೆ ಲಕ್ಷ. ಯಾರೂ ತಿಂದಿಲ್ಲ, ಯಾರೂ ಕದ್ದಿಲ್ಲ, ಲೆಕ್ಕ ಹಾಕುವಾಗಲೇ ಹೋಗಿದ್ದು.

ಇನ್ನೊಂದು ಪ್ರಶ್ನೆ, ಇದನ್ನ ಹೇಗೆ ವಸೂಲಿ ಮಾಡೋದು. ಎಲ್ಲವನ್ನೂ ದಿನದ ರೇಟಲ್ಲೇ ತುಂಬಿಸಿದ್ರೆ ಊರಿಗೆ ಹೋದವನ ಪಾಲಿನ ಭಟ್ರ ಸಂಬಳವನ್ನ ಹಾಸ್ಟೆಲಲ್ಲೇ ಉಳಿದವನು ಕಟ್ಟಿದಂಗಾಗುತ್ತೆ. ಹಬ್ಬಕ್ಕೂ ಊರಿಗೆ ಹೋಗೋಕೆ ದುಡ್ಡಿಲ್ದೆ ಉಳಿಯೋ ದೂರದೂರಿನ ಹುಡುಗರಿಗೇ ಆ ಹೊರೆ ಬೀಳೋದು, ಇದು ನನಗೆ ಯಾವತ್ತೂ ಸರಿ ಅನ್ಸಿಲ್ಲ. ಅದಕ್ಕೇ ಕೆಲವು ಹಾಸ್ಟೆಲಲ್ಲಿ ಬಿಲ್ಲನ್ನ ಎರಡು ಭಾಗ ಮಾಡ್ತಾರೆ. ಸಂಬಳ ಇತ್ಯಾದಿಯನ್ನ ಎಸ್ಟಾಬ್ಲಿಷ್‌ಮೆಂಟ್ ಚಾರ್ಜ್ ಅಂತ 200 ಜನಕ್ಕೂ ಸಮವಾಗಿ ಹಾಕೋದು: ₹1,45,600 ಭಾಗಿಸು 200, ದುಂಡಗೆ ₹730. ದಿನಸಿ, ಗ್ಯಾಸು, ಜೊತೆಗೆ ₹3 ರಿಸರ್ವ್ ಸೇರಿಸಿ ಊಟ ಮಾಡಿದ ದಿನಕ್ಕೆ ಮಾತ್ರ ₹95.

23 ದಿನ ಊಟ ಮಾಡಿದವನಿಗೆ ₹730 + ₹2,185 = ₹2,915. ಹದಿನೈದೇ ದಿನ ಇದ್ದವನಿಗೆ ₹2,155. "ಅರ್ಧ ತಿಂಗಳು ಇರ್ಲಿಲ್ಲ, ಬಿಲ್ಲು ಅರ್ಧ ಆಗಿಲ್ಲ" ಅನ್ನೋ ಅಪ್ಪ-ಅಮ್ಮಂದಿರ ಪ್ರಶ್ನೆಗೆ ಉತ್ತರ ಆ ₹730ರಲ್ಲಿದೆ.

ಇದರ ಜೊತೆ ಅಡ್ಮಿಷನ್ ಹೊತ್ತಲ್ಲಿ ಒಂದು ತಿಂಗಳ ಬಿಲ್ಲಿನಷ್ಟು ಡೆಪಾಸಿಟ್ ತಗೊಳ್ತಾರೆ. ಅದು ಫೀ ಅಲ್ಲ. ನೀವು ಇವತ್ತು ತಿಂದ ಊಟದ ಬಿಲ್ಲು ಮುಂದಿನ ತಿಂಗಳು 5ನೇ ತಾರೀಖಿಗೆ ಬರುತ್ತೆ, ಕಟ್ಟೋದು 15ಕ್ಕೆ, ಅಲ್ಲಿವರೆಗೆ ಹಾಲಿನವರಿಗೆ, ತರಕಾರಿಯವರಿಗೆ ದುಡ್ಡು ಎಲ್ಲಿಂದ ಕೊಡೋದು? ಆ ಡೆಪಾಸಿಟ್ಟಿಂದ. ಹಾಸ್ಟೆಲ್ ಬಿಡುವಾಗ ಬಾಕಿ ಕಳೆದು ವಾಪಸ್ ಬರ್ಬೇಕು.

## ರಿಸರ್ವ್ ಉಳಿದ್ರೆ ಯಾರಿಗೆ?

ದಿನಕ್ಕೆ ₹3, ಜೊತೆಗೆ ₹730ಕ್ಕೆ ದುಂಡು ಮಾಡಿದ ಚಿಲ್ಲರೆ, ಎಲ್ಲ ಸೇರಿ ತಿಂಗಳಿಗೆ ₹13,950 ಉಳಿಯುತ್ತೆ, 10 ತಿಂಗಳಿಗೆ ₹1,39,500. ಟೊಮೆಟೊ ₹100 ಆದ ಒಂದು ತಿಂಗಳಿಗೆ ನಮ್ಮ ಲೆಕ್ಕದಲ್ಲಿ ಬೀಳೋದು ₹14,720, ಹೆಚ್ಚುಕಮ್ಮಿ ಒಂದು ತಿಂಗಳ ರಿಸರ್ವ್. ಹಾಗಾಗಿ ಎರಡು ಕೆಟ್ಟ ತಿಂಗಳು ಬಂದ್ರೂ ವರ್ಷದ ಕೊನೆಗೆ ₹1,10,000 ಉಳಿದಿರುತ್ತೆ. ಇದನ್ನ ಮುಂದಿನ ವರ್ಷಕ್ಕೆ ಹಾಕ್ಬಿಟ್ರೆ ಫೈನಲ್ ಇಯರ್ ಹುಡುಗರ ದುಡ್ಡಲ್ಲಿ ಮುಂದಿನ ವರ್ಷ ಬರೋ ಹೊಸ ಹುಡುಗರು ಊಟ ಮಾಡ್ತಾರೆ. 200 ಜನಕ್ಕೆ ಸಮವಾಗಿ ಹಂಚಿದ್ರೆ ಅರ್ಧ ವರ್ಷ ಮನೇಲಿದ್ದವನಿಗೂ ₹550, ಒಂದು ದಿನವೂ ಬಿಡದೆ ಇದ್ದವನಿಗೂ ₹550. ರಿಸರ್ವ್ ಕೂಡಿದ್ದು ಊಟದ ದಿನದ ಮೇಲೆ ತಾನೆ, ವಾಪಸ್ ಕೊಡೋದೂ ಹಾಗೇ: ₹1,10,000 ಭಾಗಿಸು 46,000, ದಿನಕ್ಕೆ ₹2.39. 230 ದಿನ ಉಂಡವನಿಗೆ ₹550, 280 ದಿನ ಉಂಡವನಿಗೆ ₹669, ಕೊನೇ ತಿಂಗಳ ಬಿಲ್ಲಲ್ಲೇ ಕಳೆದು ಕೊಡೋದು.